ರಾಟೆ ನಿಲ್ಲಬಾರದು: ಕೊನೆಯೇ ಕಾಣದ ಲೂಪ್ ಕ್ಲಿಪ್ ಮಾಡುವುದು ಹೇಗೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಮಾರುವ ಒಂದು ಅಂಗಡಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕಲು ಚಿಕ್ಕ ಅನಿಮೇಶನ್ ಬೇಕು ಅಂದುಕೊಳ್ಳಿ. ಬಿಸಿನೀರಲ್ಲಿ ಗೂಡುಗಳು ತೇಲುತ್ತಿವೆ, ಮೇಲೆ ಆವಿ ಏಳುತ್ತಿದೆ, ಪಕ್ಕದಲ್ಲಿ ಆರು ತೋಳಿನ ರಾಟೆ ತಿರುಗುತ್ತಿದೆ. ಎಷ್ಟು ಹೊತ್ತು ನೋಡಿದರೂ ಕ್ಲಿಪ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಚಿತ್ರ ಬರೆಯುವುದು ಇಲ್ಲಿ ಸುಲಭದ ಭಾಗ. ಕಷ್ಟವೆಲ್ಲ ಲೆಕ್ಕದಲ್ಲಿದೆ. ಉಚಿತವಾಗಿ ಸಿಗುವ ಬ್ಲೆಂಡರ್ ಅನ್ನುವ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಇದನ್ನು ಮಾಡೋಣ.

ಮೊದಲು ವೇಗ ಗೊತ್ತುಮಾಡಿ. ಸೆಕೆಂಡಿಗೆ 25 ಫ್ರೇಮ್, ಒಟ್ಟು 2 ಸೆಕೆಂಡ್, ಅಂದರೆ 50 ಫ್ರೇಮ್. 25 ಯಾಕೆ? ಗಿಫ್ ಫೈಲ್ ಪ್ರತಿ ಫ್ರೇಮಿನ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅಳೆಯುತ್ತದೆ. 25 ಇಟ್ಟರೆ ಒಂದು ಫ್ರೇಮಿಗೆ ಸರಿಯಾಗಿ 4 ಭಾಗ. 24 ಅಥವಾ 30 ಇಟ್ಟರೆ ಸರಿಯಾಗಿ ಭಾಗವಾಗಲ್ಲ. ಆಗ ಕೆಲವು ಫ್ರೇಮ್ ಉದ್ದ, ಕೆಲವು ಗಿಡ್ಡ ಆಗಿ ತಿರುಗುವ ರಾಟೆ ಸಣ್ಣಗೆ ತಡವರಿಸುತ್ತದೆ. ಮುಂದೆ ಎಂದಾದರೂ ಗಿಫ್ ಬೇಕಾಗಬಹುದು ಎನ್ನುವವರು ಈಗಲೇ 25 ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ರಾಟೆ. ಲೂಪ್ ಕೂಡಬೇಕಾದರೆ ರಾಟೆ ಪೂರ್ತಿ ಒಂದು ಸುತ್ತು ಬರಲೇಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಬೇಕಾಗಿಲ್ಲ. ಆರೂ ತೋಳು ಒಂದೇ ಥರ ಇದ್ದರೆ, 60 ಡಿಗ್ರಿ ತಿರುಗಿದ ರಾಟೆಗೂ ಮೊದಲಿನ ರಾಟೆಗೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಹಾಗಾಗಿ 60, 120, 180, 240 ಯಾವುದಾದರೂ ನಡೆಯುತ್ತದೆ. 60 ಇಟ್ಟರೆ ಒಂದು ಸುತ್ತಿಗೆ 12 ಸೆಕೆಂಡ್, ರಾಟೆ ತೂಕಡಿಸುತ್ತಿರುವ ಹಾಗೆ ಕಾಣುತ್ತದೆ. 240 ಇಟ್ಟರೆ 3 ಸೆಕೆಂಡಿಗೆ ಒಂದು ಸುತ್ತು, ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಒಂದೇ ಎಚ್ಚರಿಕೆ: ಯಾವುದೋ ಒಂದು ತೋಳಿಗೆ ಮಾತ್ರ ಕೆಂಪು ಬಟ್ಟೆ ಕಟ್ಟಿದ ಹಾಗೆ ಚಿತ್ರ ಬರೆದಿದ್ದರೆ ಈ ಉಪಾಯ ಕೈಕೊಡುತ್ತದೆ. ಆಗ 360 ಡಿಗ್ರಿಯೇ ಗತಿ, ಇಲ್ಲದಿದ್ದರೆ ಬಟ್ಟೆ ಒಂದು ತೋಳಿನಿಂದ ಇನ್ನೊಂದಕ್ಕೆ ಹಾರುತ್ತದೆ. ಹಾಗಂತ ತೀರಾ ಜೋರಾಗಿಯೂ ತಿರುಗಿಸಬೇಡಿ. ಒಂದು ಫ್ರೇಮಿಗೆ 30 ಡಿಗ್ರಿ ದಾಟಿದರೆ ಆರು ತೋಳಿನ ರಾಟೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ನಮ್ಮದು ಫ್ರೇಮಿಗೆ 4.8 ಡಿಗ್ರಿ, ಭಯವಿಲ್ಲ.

ಕೀ ಅಂದರೆ ಇಂಥ ಫ್ರೇಮಿನಲ್ಲಿ ವಸ್ತು ಹೀಗೇ ಇರಬೇಕು ಅಂತ ಹಾಕುವ ಗುರುತು. ಫ್ರೇಮ್ 1ರಲ್ಲಿ ರಾಟೆಗೆ 0 ಡಿಗ್ರಿ ಕೀ ಹಾಕಿ. ಫ್ರೇಮ್ 51ರಲ್ಲಿ 240 ಡಿಗ್ರಿ ಕೀ ಹಾಕಿ. ಹೌದು, 50 ಅಲ್ಲ, 51. ಆದರೆ ರೆಂಡರ್ ಮಾಡುವುದು 50ರವರೆಗೆ ಮಾತ್ರ, `End` ಅನ್ನುವಲ್ಲಿ 50 ಇರಲಿ. 51ನೇ ಫ್ರೇಮ್ ನೋಡಲು 1ನೇ ಫ್ರೇಮಿನ ಹಾಗೇ ಇರುತ್ತದೆ. ಅದನ್ನೂ ಸೇರಿಸಿದರೆ ಒಂದೇ ಚಿತ್ರ ಎರಡು ಸಲ ಬಂದು, ಪ್ರತಿ 2 ಸೆಕೆಂಡಿಗೊಮ್ಮೆ ರಾಟೆ ಮುಗ್ಗರಿಸುತ್ತದೆ. ಲೂಪ್ ಕ್ಲಿಪ್‌ಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ಜೊತೆಗೆ ಇನ್ನೊಂದಿದೆ. ಬ್ಲೆಂಡರ್ ತಾನಾಗಿಯೇ ಚಲನೆಯನ್ನು ನಿಧಾನವಾಗಿ ಶುರುಮಾಡಿ ನಿಧಾನವಾಗಿ ಮುಗಿಸುತ್ತದೆ. ಟೈಮ್‌ಲೈನ್‌ನಲ್ಲಿ ಎರಡೂ ಕೀ ಆಯ್ದು, T ಒತ್ತಿ, `Linear` ಮಾಡಿ. ಆಗ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ.

ಗೂಡುಗಳು ನೀರಲ್ಲಿ ಮೇಲೆ ಕೆಳಗೆ ಆಡಬೇಕು. ಇದಕ್ಕೆ ಕೀ ಬೇಡ. ಗೂಡಿನ ಎತ್ತರ ತೋರಿಸುವ `Location Z` ಖಾನೆಯಲ್ಲಿ ಇದನ್ನು ಟೈಪ್ ಮಾಡಿ:

```
#sin(frame*2*pi/50)*0.05
```

50 ಫ್ರೇಮಿಗೆ ಸರಿಯಾಗಿ ಒಂದು ಏರಿಳಿತ. ಪಕ್ಕದ ಗೂಡಿಗೆ `frame` ಇದ್ದಲ್ಲಿ `(frame+12)` ಬರೆಯಿರಿ, ಎರಡೂ ಒಟ್ಟಿಗೆ ಕವಾಯತು ಮಾಡುವುದು ತಪ್ಪುತ್ತದೆ. ಚಿಕ್ಕ ಗೂಡು ಚುರುಕಾಗಿ ಆಡಲಿ ಅನ್ನಿಸಿದರೆ `2*pi` ಬದಲು `4*pi`, ಅಂದರೆ ಎರಡು ಏರಿಳಿತ. ಒಂದೂವರೆ ಮಾತ್ರ ಬೇಡ. ಪೂರ್ಣ ಸಂಖ್ಯೆ ಅಲ್ಲದಿದ್ದರೆ ಕೊನೆಯಲ್ಲಿ ಗೂಡು ಗಕ್ಕನೆ ದಿಕ್ಕು ಬದಲಿಸುತ್ತದೆ.

ಆವಿಯದು ಬೇರೆ ಕಥೆ. ಅದು ಮೇಲೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಾಗಿದ್ದರೆ ಲೂಪ್ ಹೇಗೆ? ಕಾಣದಿರುವ ಹೊತ್ತಲ್ಲಿ ಅದನ್ನು ಕೆಳಗಿಳಿಸಬೇಕು. ಒಂದು ಆವಿ ತುಣುಕನ್ನು ಫ್ರೇಮ್ 1ರಿಂದ 51ರವರೆಗೆ ಏರಿಸಿ, ಅದರ ಗೋಚರತೆ ಸೊನ್ನೆಯಿಂದ ಶುರುವಾಗಿ, ಮಧ್ಯದಲ್ಲಿ ಹೆಚ್ಚಿ, ಮತ್ತೆ ಸೊನ್ನೆಗೆ ಬರಲಿ. ಗ್ರಾಫ್ ಎಡಿಟರ್‌ನಲ್ಲಿ Shift+E ಒತ್ತಿ `Make Cyclic` ಆಯ್ದರೆ ಇದು ಮುಂದಕ್ಕೂ ಹಿಂದಕ್ಕೂ ಮರುಕಳಿಸುತ್ತಾ ಹೋಗುತ್ತದೆ. ಆಮೇಲೆ ನಾಲ್ಕು ನಕಲು ಮಾಡಿ, ಅವುಗಳ ಕೀಗಳನ್ನು 10, 20, 30, 40 ಫ್ರೇಮ್ ಅಂತ ಮುಂದೆ ಸರಿಸುತ್ತಾ ಹೋಗಿ. ಒಂದು ಮರೆಯಾಗುವಾಗ ಇನ್ನೊಂದು ದಟ್ಟವಾಗಿರುತ್ತದೆ. ಹೊಲಿಗೆ ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ.

ರೆಂಡರ್ ಮಾಡುವಾಗ ನೇರವಾಗಿ ವಿಡಿಯೊ ಬೇಡ, ಪಿಎನ್‌ಜಿ ಚಿತ್ರಗಳ ಸಾಲು ತೆಗೆಯಿರಿ. ಕೂಡುವುದನ್ನು ಪರೀಕ್ಷಿಸುವುದೂ ಆಗ ಸುಲಭ. 50ನೇ ಚಿತ್ರ ತೆರೆದು, ನಂತರ 1ನೇದು, ನಂತರ 2ನೇದು ನೋಡಿ. 50ರಿಂದ 1ಕ್ಕೆ ರಾಟೆ ಎಷ್ಟು ಸರಿಯಿತೋ, 1ರಿಂದ 2ಕ್ಕೂ ಅಷ್ಟೇ ಸರಿದಿರಬೇಕು. ಸ್ವಲ್ಪವೂ ಸರಿದಿಲ್ಲ ಅಂದರೆ ಒಂದು ಫ್ರೇಮ್ ಜಾಸ್ತಿಯಾಗಿದೆ. ಹಾರಿತು ಅಂದರೆ ಡಿಗ್ರಿ ಲೆಕ್ಕ ತಪ್ಪಿದೆ.

ಇನ್ನು ಫೈಲ್. ಪೋಸ್ಟಿಗೆ ಹೆಚ್ಚಾಗಿ ಬೇಕಾಗುವುದು ಎಂಪಿ4, ಗಿಫ್ ಅಲ್ಲ. ತೀರಾ ಚಿಕ್ಕ ವಿಡಿಯೊವನ್ನು ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಲೂಪನ್ನು ನಾಲ್ಕು ಸಲ ಸುತ್ತಿಸಿ 8 ಸೆಕೆಂಡ್ ಮಾಡೋಣ. ಚಿತ್ರಗಳಿಂದ ವಿಡಿಯೊ ಮಾಡಿಕೊಡುವ ffmpeg ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಚಿತ್ರಗಳಿರುವ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ಈ ಕಮಾಂಡ್ ಕೊಡಿ:

```
ffmpeg -loop 1 -framerate 25 -i %04d.png -t 8 -vf scale=720:-2 -c:v libx264 -crf 23 -pix_fmt yuv420p -movflags +faststart rate.mp4
```

`-t` ಯಾವಾಗಲೂ 2ರ ಗುಣಕವಾಗಿರಲಿ. 7 ಸೆಕೆಂಡ್ ಅಂತ ಹಾಕಿದರೆ ಅರ್ಧ ಲೂಪಲ್ಲಿ ಕತ್ತರಿ ಬಿತ್ತು, ಇಷ್ಟು ಹೊತ್ತಿನ ಲೆಕ್ಕವೆಲ್ಲ ನೀರುಪಾಲು. ಫೈಲ್ ದೊಡ್ಡದಾಯಿತು ಅನ್ನಿಸಿದರೆ `-crf` ಅನ್ನು 26, 28 ಅಂತ ಏರಿಸಿ. ಆವಿಯಲ್ಲಿ ಚೌಕ ಚೌಕ ಕಲೆ ಕಂಡರೆ ಒಂದೆರಡು ಅಂಕಿ ಹಿಂದೆ ಬನ್ನಿ.

ಗಿಫ್ಫೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಗಿಫ್‌ನ ಒಂದು ಪಟ್ಟಿಯಲ್ಲಿ ಹೆಚ್ಚೆಂದರೆ 256 ಬಣ್ಣ. ನಮ್ಮ ಚಿತ್ರಕ್ಕೆ 64 ಸಾಕು:

```
ffmpeg -framerate 25 -i %04d.png -vf "scale=480:-1,split[a][b];[a]palettegen=max_colors=64[p];[b][p]paletteuse=dither=none" -loop 0 rate.gif
```

ಗಿಫ್ ಸಣ್ಣದಾಗುವುದು ಒಂದೇ ಬಣ್ಣದ ಚುಕ್ಕೆಗಳು ಸಾಲಾಗಿ ಬಂದಾಗ. ಗೋಡೆಗೆ ಒಂದೇ ಬಣ್ಣ ಬಳಿದರೆ ಫೈಲ್ ಹಗುರ. ಗೋಡೆಯಲ್ಲಿ ಬಣ್ಣ ನಯವಾಗಿ ಬದಲಾಗುತ್ತಾ ಹೋದರೆ, ಅಥವಾ ಮೇಲೆ ಹಳೇ ಫೋಟೊ ಥರ ಕಾಳುಕಾಳು ಹಾಕಿದರೆ, ತೂಕ ಏರುತ್ತದೆ. ಕಾಳುಗಳು ಪ್ರತಿ ಫ್ರೇಮಲ್ಲೂ ಬದಲಾದರಂತೂ ಎಂಪಿ4 ಕೂಡ ಊದಿಕೊಳ್ಳುತ್ತದೆ, ಯಾಕೆಂದರೆ ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಅದಕ್ಕೆ ಏನೂ ಸಿಗುವುದಿಲ್ಲ. ಕ್ಯಾಮೆರಾ ಅಲುಗಾಡಿಸದೆ ಇರುವುದೂ ಇದೇ ಕಾರಣಕ್ಕೆ. ಫೈಲ್ ಚಿಕ್ಕದಾಗಿಸಲು ನಾನಂತೂ ಮೊದಲು ಗೋಡೆಯ ಕಡೆ ನೋಡುತ್ತೇನೆ, ಆಮೇಲೆ ಕಮಾಂಡ್ ಕಡೆ.

ಹಿನ್ನೆಲೆಗೆ ಹಾಡು ಸೇರಿಸುವುದಾದರೆ ಅದರ ಉದ್ದ ವಿಡಿಯೊಗಿಂತ ಒಂಚೂರೂ ಜಾಸ್ತಿ ಇರಬಾರದು. ಜಾಸ್ತಿ ಇದ್ದರೆ ಹಾಡು ಮುಗಿಯುವವರೆಗೆ ಕೊನೆಯ ಚಿತ್ರ ನಿಂತೇ ಇರಬಹುದು. ಉದ್ದ ಸರಿಹೋದರೂ ಲೂಪ್ ತಿರುಗುವ ಜಾಗದಲ್ಲಿ ರಾಗ ಕಟ್ ಆಗುವುದು ಕೇಳಿಸಿಬಿಡುತ್ತದೆ, ಹಾಗಾಗಿ ಇಂಥ ಕ್ಲಿಪ್‌ಗೆ ಸದ್ದು ಬೇಡವೇ ಬೇಡ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಇದೇ ಎಂಪಿ4 ಹಾಕಬಹುದು. ಅಲ್ಲಿ ವಿಡಿಯೊ ಒಂದು ಸಲ ಓಡಿ ಮುಂದಿನದಕ್ಕೆ ಹೋಗಿಬಿಡುತ್ತದೆ, ಅಲ್ವಾ? 2 ಸೆಕೆಂಡಿನದು ಹಾಕಿದ್ದರೆ ಅಂಗಡಿಯ ಹೆಸರು ಓದುವಷ್ಟರಲ್ಲಿ ಮಾಯ. 8 ಸೆಕೆಂಡಿನ ಫೈಲ್ ಅಲ್ಲಿಗೆ ಸರಿಹೋಗುತ್ತದೆ.