ಫೋಟೋ ನೋಡಿ ರೇಷ್ಮೆ ಸೀರೆಗೆ ಒಡವೆ ಆರಿಸುವಾಗ

ಸೀರೆಯ ಫೋಟೋ ಕಳಿಸಿ "ರಿಸೆಪ್ಷನ್‌ಗೆ ಇದರ ಮೇಲೆ ಯಾವ ಸರ ಹಾಕಲಿ?" ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಇನ್ನೊಂದು ಫೋಟೋ ಕೇಳುತ್ತೇನೆ. ರಾತ್ರಿ ಬಲ್ಬಿನ ಬೆಳಕಲ್ಲಿ, ಹ್ಯಾಂಗರಿಗೆ ನೇತುಹಾಕಿ ತೆಗೆದ ಫೋಟೋದಿಂದ ಏನೂ ಗೊತ್ತಾಗುವುದಿಲ್ಲ. ಹಗಲಲ್ಲಿ ಕಿಟಕಿ ಪಕ್ಕ ನಿಂತು, ಫ್ಲಾಶ್ ಹಾಕದೆ, ಸೀರೆ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಫೋಟೋದಲ್ಲಿ ಕಾಗದ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸುಳ್ಳು ಹೇಳುತ್ತಿದೆ ಅಂತಲೇ ಲೆಕ್ಕ. ಬ್ಲೌಸಿನದು ಮಾತ್ರ ಮೈಮೇಲೆ ಹಾಕಿಕೊಂಡೇ ತೆಗೆದ ಫೋಟೋ ಬೇಕು. ಹ್ಯಾಂಗರಿನಲ್ಲಿ ಕಾಣುವ ಕತ್ತಿನ ಆಳಕ್ಕೂ ಹಾಕಿಕೊಂಡಾಗಿನ ಆಳಕ್ಕೂ ತುಂಬಾ ವ್ಯತ್ಯಾಸ.

ತಂಗಿಯ ಮಗಳದ್ದು ಹೀಗೇ ಆಯಿತು. ಮೊದಲ ಫೋಟೋದಲ್ಲಿ ಕಂದುಗೆಂಪಾಗಿ ಕಂಡ ಸೀರೆ ಹಗಲಲ್ಲಿ ನೋಡಿದರೆ ನೇರಳೆ ಹಣ್ಣಿನ ಬಣ್ಣ, ಪಚ್ಚೆ ಹಸಿರು ಅಂಚು. ಮಡಿಕೆಯ ತುದಿಯಲ್ಲಿ ಮಾತ್ರ ಕೆಂಪು ಮಿಂಚುತ್ತಿತ್ತು. ಉದ್ದಕ್ಕೆ ಹೋಗುವ ಹಾಸಿನ ಎಳೆಗೆ ಒಂದು ಬಣ್ಣದ ನೂಲು, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಗೆ ಇನ್ನೊಂದು ಬಣ್ಣದ್ದು ಹಾಕಿ ನೇಯ್ದ ರೇಷ್ಮೆ ಹಾಗೇ, ಬೆಳಕು ಬಿದ್ದ ಕಡೆ ಒಂದು ಬಣ್ಣ, ತಿರುಗಿದರೆ ಇನ್ನೊಂದು. ಬ್ಲೌಸು ಬೋಟ್ ನೆಕ್.

"ದೊಡ್ಡಮ್ಮ, ಕೆಂಪು ಕಲ್ಲಿನ ನೆಕ್ಲೇಸ್ ಹಾಕ್ಲಾ?" ಎಂದು ಕೇಳಿದಳು. ಬಣ್ಣದ ಮಾತು ಆಮೇಲೆ, ಮೊದಲು ಕತ್ತು ನೋಡು ಅಂದೆ. ಬೋಟ್ ನೆಕ್ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಮೇಲಿಂದಲೇ ಹಾದುಹೋಗುತ್ತದೆ. ಅದರ ಮೇಲೆ ಮಾಮೂಲಿ ನೆಕ್ಲೇಸ್ ಹಾಕಿದರೆ ಅರ್ಧ ಚರ್ಮದ ಮೇಲೆ, ಅರ್ಧ ಬಟ್ಟೆಯ ಮೇಲೆ ಕೂರುತ್ತದೆ. ತಿರುಗಿದಾಗೆಲ್ಲ ಮಗುಚಿಕೊಳ್ಳುತ್ತದೆ, ಫೋಟೋದಲ್ಲಿ ಪದಕ ಸೊಟ್ಟಗೆ ಕಾಣುತ್ತದೆ. ಸರ ಪೂರ್ತಿ ಚರ್ಮದ ಮೇಲಿರಬೇಕು, ಇಲ್ಲವೇ ಪೂರ್ತಿ ಬಟ್ಟೆಯ ಮೇಲಿರಬೇಕು. ಚರ್ಮದ ಮೇಲಾದರೆ ಸರದ ಕೆಳಗಂಚಿಗೂ ಬ್ಲೌಸಿನ ಅಂಚಿಗೂ ನಡುವೆ ಎರಡು ಬೆರಳಾದರೂ ಖಾಲಿ ಬಿಡಿ.

ಹಾಗಾದರೆ ಉದ್ದನೆಯ ಹಾರ ಹಾಕಬಹುದಲ್ವಾ? ಹಾಕಬಹುದು. ಆದರೆ ಸೆರಗು ನೆರಿಗೆ ಹಿಡಿದು ಎಡಭುಜಕ್ಕೆ ಪಿನ್ ಮಾಡಿದ ಮೇಲೆ ಹಾರದ ಒಂದು ಪಕ್ಕ ಅದರಡಿ ಹೋಗಿಬಿಡುತ್ತದೆ. ಸೆರಗಿನ ಮೇಲೆಯೇ ತಂದು ಹಾಕಿದರೆ ಕಾಣುತ್ತದೆ, ಆದರೆ ಅದರ ಭಾರಕ್ಕೆ ನೆರಿಗೆ ಕುಸಿಯುತ್ತದೆ. ಇವಳ ಕತ್ತು ಸಾಕಷ್ಟು ಉದ್ದವಿತ್ತು. ಅದಕ್ಕೆ ಒಂದೇ ಬೆರಳಗಲದ, ಕತ್ತಿಗೆ ಅಂಟಿ ಕೂರುವ ಚೋಕರ್ ಸಾಕು ಅಂದೆ. ಕತ್ತು ಗಿಡ್ಡ ಇರುವವರಿಗೆ ನಾನು ಅದನ್ನೂ ಹೇಳುವುದಿಲ್ಲ. ಅವರು ಕತ್ತು ಖಾಲಿ ಬಿಟ್ಟು, ದೊಡ್ಡ ಜುಮುಕಿ ಹಾಕಿದರೆ ಎಷ್ಟೋ ಚೆಂದ. ಬ್ಲೌಸಿನ ಕತ್ತಿಗೇ ಜರಿ ಕಸೂತಿ ತುಂಬಿದ್ದರೂ ಇದೇ ಮಾತು.

ಬಣ್ಣಕ್ಕೆ ಬಂದರೆ, ಚಿನ್ನ ಹೊಂದಬೇಕಾದ್ದು ಸೀರೆಯ ಮೈಬಣ್ಣಕ್ಕಲ್ಲ, ಜರಿಗೆ. ಅವಳ ಜರಿ ಹಳೆ ಚಿನ್ನದ ಹಾಗೆ ಸ್ವಲ್ಪ ಮಂಕು. ಅದರ ಪಕ್ಕ ಪಳಪಳ ಹೊಳೆಯುವ ಹಳದಿ ಪಾಲಿಶ್ ಇಟ್ಟರೆ ಒಂದು ಹೊಸದು, ಒಂದು ಹಳೆಯದು ಅನ್ನಿಸುತ್ತದೆ. ಆದ್ದರಿಂದ ಆಂಟಿಕ್ ಪಾಲಿಶ್ ಇರುವ ಚೋಕರನ್ನೇ ಆರಿಸಿದೆವು. ಕೆಂಪು ಕಲ್ಲು ನೇರಳೆಯ ಪಕ್ಕ ಕಪ್ಪಾಗಿ ಕಂಡಿತು. ಅಂಚಿನ ಹಸಿರನ್ನೇ ಎತ್ತಿಕೊಂಡು ಹಸಿರು ಕಲ್ಲು, ಕೆಳಗೆ ಸಣ್ಣ ಮುತ್ತಿನ ಸಾಲು ಇದ್ದದ್ದನ್ನು ಇಟ್ಟ ತಕ್ಷಣ ಕತ್ತು ಎದ್ದು ಕಂಡಿತು. ಇದನ್ನು ಬಾಯಲ್ಲಿ ಹೇಳಿ ತೀರ್ಮಾನಿಸಬೇಡಿ. ಎರಡನ್ನೂ ಸೀರೆಯ ಮೇಲಿಟ್ಟು ಮೂರು ಅಡಿ ದೂರದಿಂದ ಫೋಟೋ ತೆಗೆದು ನೋಡಿ.

ಇನ್ನು ಭಾರ. ಜುಮುಕಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆವು. ಒಂದೊಂದು 18 ಗ್ರಾಂ. ನೋಡಲು ಸಣ್ಣದೇ, ಆದರೆ ರಿಸೆಪ್ಷನ್‌ನಲ್ಲಿ ಮೂರು-ನಾಲ್ಕು ಗಂಟೆ ನಿಂತೇ ಇರಬೇಕು. ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡು ಕನ್ನಡಿ ನೋಡಿ. ಕಿವಿಯ ತೂತು ಉದ್ದಕ್ಕೆ ಎಳೆದಿದ್ದರೆ, ಓಲೆಯ ಮುಖ ನೆಲ ನೋಡುತ್ತಿದ್ದರೆ, ಅದು ನಿಮ್ಮ ಕಿವಿಗೆ ಜಾಸ್ತಿ. ಮಾಟಿ ಹಾಕಿ ಭಾರವನ್ನು ಕೂದಲಿಗೆ ಹಂಚಬಹುದು. ಆದರೆ ಅದರ ಕೊಕ್ಕೆಯನ್ನು ಬಿಗಿಯಾಗಿ ಕಟ್ಟಿದ ಕೂದಲಿಗೇ ಸಿಕ್ಕಿಸಿ, ಮೇಲೊಂದು ಹೇರ್‌ಪಿನ್ ಒತ್ತಬೇಕು. ಸಡಿಲ ಕೂದಲಿಗೆ ಸಿಕ್ಕಿಸಿದರೆ ಸುಮ್ನೆ ನೋವು. ಅವಳು ಮಾಟಿ ಹಾಕಿದಳು, ವಂಕಿ ಬಿಟ್ಟಳು. ನನಗೂ ಅದೇ ಸರಿ ಅನ್ನಿಸಿತು, ಉದ್ದ ತೋಳಿನ ಬ್ಲೌಸಿಗೆ ವಂಕಿ ಯಾಕೆ?

ಬಳೆ, ಚೋಕರ್ ಎಲ್ಲದರ ಒಳಮೈಯನ್ನು ಹಿಂದಿನ ದಿನವೇ ಹಳೇ ನೈಲಾನ್ ದುಪಟ್ಟಾದ ಮೇಲೆ ಸವರಿ ನೋಡಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಕಲ್ಲು ಹಿಡಿದ ಕೊಕ್ಕೆ ಎದ್ದಿದೆ ಅಂತ ಅರ್ಥ, ಅಕ್ಕಸಾಲಿಗರ ಹತ್ತಿರ ಒತ್ತಿಸಿ. ಅಕಸ್ಮಾತ್ ರೇಷ್ಮೆಯಿಂದ ಎಳೆ ಎದ್ದರೂ ಕತ್ತರಿಸಬೇಡಿ. ಸೂಜಿಯಿಂದ ಮೆಲ್ಲಗೆ ಹಿಂಬದಿಗೆ ಎಳೆದುಕೊಂಡರೆ ಮುಂಭಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ.