ಷೇರು ಮಾರಿದ್ದು ಗುರುವಾರ, ದುಡ್ಡು ಬಂದದ್ದು ಮಂಗಳವಾರ

2019ರ ಜೂನ್‌ನಲ್ಲಿ ಕಾರವಾರದ ಒಂದು ರೆಸಾರ್ಟಿನ ಲೆಕ್ಕಪತ್ರ ವಿಭಾಗದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಸಂಬಳ 22,000. ಮನೆ ಸ್ವಂತದ್ದು, ಬಾಡಿಗೆಯ ಚಿಂತೆ ಇರಲಿಲ್ಲ. ಜುಲೈಯಿಂದಲೇ ತಿಂಗಳಿಗೆ 8,000 ಷೇರಿಗೆ ಹಾಕತೊಡಗಿದೆ, ಹೆಚ್ಚಿನವು ಬ್ಯಾಂಕ್ ಷೇರುಗಳು. ಮಾರ್ಚ್ ವರೆಗೆ ಒಂಬತ್ತು ಕಂತು, 72,000. ಉಳಿತಾಯ ಖಾತೆಯಲ್ಲಿ ಇದ್ದದ್ದು ಮೂರು ಸಾವಿರ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿತ್ತು. 25ಕ್ಕೆ ಯುಗಾದಿ, ಅಂದೇ ಲಾಕ್‌ಡೌನ್ ಶುರು. ಮರುದಿನ ಬೆಳಿಗ್ಗೆ ಆಯಿಗೆ ಪಿತ್ತಕೋಶದ ಕಲ್ಲಿನ ನೋವು ತಡೆಯಲಾಗದಷ್ಟಾಯಿತು. ದೊಡ್ಡ ಆಪರೇಷನ್ ಎಂದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು ಇಲ್ಲವೇ ಗೋವಾದ ದಾರಿ ಹಿಡಿಯಬೇಕು. ಗೋವಾ ಗಡಿ ಬಂದ್ ಆಗಿತ್ತು. ಮಣಿಪಾಲಕ್ಕೆ ಹೊರಟೆವು. ಗಾಡಿ, ಮುಂಗಡ ಎಲ್ಲ ಸೇರಿ 60,000 ಕೈಯಲ್ಲಿರಬೇಕಿತ್ತು.

ದಾರಿಯಲ್ಲೇ ಮೊಬೈಲಿನಲ್ಲಿ ಎಲ್ಲ ಷೇರು ಮಾರಿದೆ. 72,000 ಹಾಕಿದ್ದು 49,000 ಆಗಿತ್ತು. ಅದೂ ತಕ್ಷಣ ಸಿಗಲಿಲ್ಲ. ಆಗ ಷೇರು ಮಾರಿದ ಎರಡನೇ ವಹಿವಾಟಿನ ದಿನ ಹಣ ಚುಕ್ತಾ ಆಗುತ್ತಿತ್ತು. ಗುರುವಾರ ಮಾರಿದ್ದಕ್ಕೆ ಶನಿವಾರ, ಭಾನುವಾರ ಕಳೆದು ಸೋಮವಾರ ಬ್ರೋಕರ್ ಖಾತೆಗೆ ಬಂತು, ಮಂಗಳವಾರ ಬ್ಯಾಂಕಿಗೆ. ಈಗ ಚುಕ್ತಾ ಒಂದು ದಿನಕ್ಕೆ ಇಳಿದಿದೆ, ಆದರೆ ವಾರಾಂತ್ಯ ಹಾಗೇ ಇದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಆಯಿ ಎರಡು ಸಲ ಕೇಳಿದಳು, “ನಿನ್ನ ದುಡ್ಡು ಯಾವಾಗ ಬರ್ತದೆ?” ಮುಂಗಡ ಕಟ್ಟಿದ್ದು ಅಂಕೋಲೆಯ ಸೋದರಮಾವ.

ಏಪ್ರಿಲ್‌ನಿಂದ ರೆಸಾರ್ಟ್ ಮುಚ್ಚಿತು, ಸಂಬಳವೂ ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ನಿಫ್ಟಿ ಜನವರಿಯ ಮಟ್ಟವನ್ನೂ ದಾಟಿತು. ಎಂಟು ತಿಂಗಳು ಕಾಯಲು ಆಗಿದ್ದರೆ ನನ್ನ ನಷ್ಟದ ಬಹುಪಾಲು ತುಂಬುತ್ತಿತ್ತು. ನಾನು ಕೆಟ್ಟ ಷೇರು ಕೊಂಡಿರಲಿಲ್ಲ, ಕಾಯುವ ಶಕ್ತಿ ಇರಲಿಲ್ಲ ಅಷ್ಟೆ. ಪೇಟೆ ಬೀಳಿಸಿದ ಕಾರಣವೇ ಸಂಬಳವನ್ನೂ ನಿಲ್ಲಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಎರಡು ಬೇರೆ ಬೇರೆ ದಿನ ಬರುವ ಕಷ್ಟಗಳೆಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಕೆಲಸ ಮತ್ತೆ ಶುರುವಾದಾಗ, ಕಷ್ಟಕಾಲಕ್ಕೆಂದು ಎಷ್ಟು ಎತ್ತಿಡಬೇಕು ಎಂದು ಮೊದಲು ಲೆಕ್ಕ ಹಾಕಿದೆ. ಸಂಬಳದ ಆರು ಪಟ್ಟಲ್ಲ, ಸಂಬಳ ನಿಂತರೂ ನಿಲ್ಲದ ಖರ್ಚಿನ ಆರು ಪಟ್ಟು. ರೇಷನ್, ಮೀನು, ಗ್ಯಾಸು, ಕರೆಂಟು, ಅಪ್ಪನ ಔಷಧ, ಸ್ಕೂಟಿಯ ಕಂತು ಸೇರಿ ತಿಂಗಳಿಗೆ 11,500. ಚೌತಿಯ ಬಟ್ಟೆ, ಹೋಟೆಲು ಬಿಟ್ಟೆ. ಆರು ತಿಂಗಳಿಗೆ 69,000. ಅದಕ್ಕೆ ‘ಮಣಿಪಾಲದ ದಾರಿ’ ಎಂದು 25,000 ಸೇರಿಸಿದೆ. ಆಸ್ಪತ್ರೆಯ ಪೂರ್ತಿ ಬಿಲ್ಲಿಗೆ ಅದು ಸಾಲದು, ಅದಕ್ಕೆ ಆರೋಗ್ಯ ವಿಮೆ ಬೇರೆ ಮಾಡಿಸಿದೆ. ಇದು ಹೊರಡುವಾಗಲೇ ಬೇಕಾಗುವ ದುಡ್ಡು. ಸರ್ಕಾರಿ ನೌಕರಿಯವರಿಗೆ ಮೂರು ತಿಂಗಳ ಖರ್ಚು ಸಾಕೇನೋ. ಮಳೆಗಾಲವಿಡೀ ಪ್ರವಾಸಿಗರಿಲ್ಲದ ನಮ್ಮಂಥ ಉದ್ಯೋಗಕ್ಕೆ ಆರಕ್ಕಿಂತ ಕಡಿಮೆ ಮಾಡಬಾರದು ಎಂದೇ ನನ್ನ ಅಭಿಪ್ರಾಯ.

ತಿಂಗಳಿಗೆ 7,000ದಂತೆ ಹದಿನಾಲ್ಕು ತಿಂಗಳಲ್ಲಿ 98,000 ಆಯಿತು. ಆ ಹದಿನಾಲ್ಕು ತಿಂಗಳು ಕಷ್ಟದ್ದೇ. ನಿಫ್ಟಿ ಸುಮಾರು ಒಂದೂವರೆ ಪಟ್ಟಾಯಿತು, ಜೊತೆಯವರು ಲಾಭ ತೋರಿಸುತ್ತಿದ್ದರು. ಆ ಲಾಭ ನನಗೆ ತಪ್ಪಿದ್ದು ನಿಜ.

ಎಲ್ಲಿಡಬೇಕು ಎಂಬುದರಲ್ಲೂ ಎಡವುತ್ತಿದ್ದೆ. ಪರಿಚಯದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಬಡ್ಡಿ ಜಾಸ್ತಿ ಎಂದು ಅಪ್ಪ ಹೇಳಿದ್ದರು. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಹಾಗಾಗಿ ಬ್ಯಾಂಕನ್ನೇ ಆರಿಸಿದೆ. 18,000 ಉಳಿತಾಯ ಖಾತೆಯಲ್ಲಿ, ಉಳಿದದ್ದು 20,000ದ ನಾಲ್ಕು ಎಫ್‌ಡಿಗಳಾಗಿ. ಒಂದೇ ದೊಡ್ಡ ಎಫ್‌ಡಿಯಾದರೆ ಹತ್ತು ಸಾವಿರಕ್ಕಾಗಿ ಪೂರ್ತಿ ಮುರಿದು, ಎಲ್ಲದರ ಬಡ್ಡಿಯಲ್ಲೂ ಒಂದಷ್ಟು ಕಳೆದುಕೊಳ್ಳಬೇಕಾದೀತು. ಖಾತೆಯೂ ಎಫ್‌ಡಿಗಳೂ ನನ್ನ ಮತ್ತು ಆಯಿಯ ಜಂಟಿ ಹೆಸರಿನಲ್ಲಿ, ಖಾತೆಯಂತೂ ಇಬ್ಬರಲ್ಲಿ ಯಾರೇ ಸಹಿ ಹಾಕಿದರೂ ನಡೆಯುವಂತೆ. ಮುಂದೆ ಹಾಸಿಗೆ ಹಿಡಿಯುವುದು ನಾನೇ ಆಗಬಹುದಲ್ಲ.

ಷೇರಿಗೆ ಮರಳಿದ್ದು ಆಮೇಲೆ. 2023ರ ಮಳೆಗಾಲದಲ್ಲಿ ಎರಡು ತಿಂಗಳ ಸಂಬಳ ತಡವಾಯಿತು. ಒಂದು ಎಫ್‌ಡಿ ಮುರಿದೆ, ಉಳಿದ ಮೂರು ಹಾಗೇ ಇದ್ದವು. ಷೇರಿನ ಆ್ಯಪ್ ತೆರೆಯಲೂ ಇಲ್ಲ. ಸಂಬಳ ಬಂದ ಮೇಲೆ ಮೂರು ತಿಂಗಳು ಷೇರಿನ ಕಂತು ನಿಲ್ಲಿಸಿ, ಆ ಎಫ್‌ಡಿಯನ್ನು ಮತ್ತೆ ತುಂಬಿಸಿದೆ.