ಹತ್ತು ಸಾವಿರದ ಗೊಡವೆ ಬೇಡ, ನಿಮ್ಮ ಹೆಜ್ಜೆ ಎಷ್ಟು ನೋಡಿ

ತೂಕ ಇಳಿಸಬೇಕು ಅಂತ ಹೊರಟವರು ಮೊದಲು ಕೈಹಾಕುವುದು ಅನ್ನಕ್ಕೆ. ಎರಡು ಮೂರು ವಾರ ತೂಕ ಇಳಿಯುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಊಟ ಮಾತ್ರ ಮೊದಲಿನಷ್ಟೇ ಕಮ್ಮಿ. ಹಾಗಾದರೆ ಆಗಿದ್ದೇನು?

ಊಟ ಕಮ್ಮಿಯಾದಾಗ ಎಷ್ಟೋ ಜನರಿಗೆ ತಿಳಿಯದ ಹಾಗೆ ಓಡಾಟವೂ ಕಮ್ಮಿಯಾಗುತ್ತದೆ. ಪಕ್ಕದ ಟೇಬಲಿಗೆ ಎದ್ದು ಹೋಗುತ್ತಿದ್ದವರು ಫೋನ್ ಮಾಡುತ್ತಾರೆ. ಸಂಜೆ ಪೇಟೆಗೆ ನಡೆಯುತ್ತಿದ್ದವರು ರಿಕ್ಷಾ ಹಿಡಿಯುತ್ತಾರೆ. ಸೋಮಾರಿತನ ಅಂತ ಬೈದುಕೊಳ್ಳಬೇಡಿ, ದೇಹ ಖರ್ಚು ಉಳಿಸುತ್ತಿದೆ ಅಷ್ಟೇ. ಇದನ್ನು ಹಿಡಿಯಲು ಹೆಜ್ಜೆ ಲೆಕ್ಕಕ್ಕಿಂತ ಸುಲಭದ ದಾರಿ ಇಲ್ಲ.

ಮೊದಲ ಕೆಲಸ, ಒಂದು ವಾರ ಏನನ್ನೂ ಬದಲಿಸದೆ ಎಣಿಸುವುದು. ಮೊಬೈಲ್ ಸಾಕು, ಆದರೆ ಅದು ಕಿಸೆಯಲ್ಲಿರಬೇಕು. ಮೇಜಿನ ಮೇಲೆ ಚಾರ್ಜಿಗಿಟ್ಟ ಫೋನಿಗೆ ನೀವು ಕೌಂಟರಿಗೆ ಹೋಗಿ ಬಂದದ್ದು ಗೊತ್ತಾಗುವುದಿಲ್ಲ. ಕೈಗೆ ಕಟ್ಟುವ ಬ್ಯಾಂಡ್ ನಡಿಗೆ ಇಲ್ಲದೆಯೂ ಕೈ ಆಡಿಸಿದ್ದನ್ನು ಹೆಜ್ಜೆ ಅಂತ ಸೇರಿಸಬಹುದು. ಯಾವುದಾದರೂ ಇರಲಿ, ಕೊನೆವರೆಗೂ ಅದೊಂದನ್ನೇ ಬಳಸಿ. ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಿದರೆ ನಿಮ್ಮ ಸರಾಸರಿ ಸಿಗುತ್ತದೆ. ಬರೀ ಭಾನುವಾರದ ಮದುವೆ ಮನೆ ಓಡಾಟ ನೋಡಿ ಖುಷಿಪಡಬೇಡಿ.

ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅನ್ನುವ ಮಾತು. ಅದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಸಂಖ್ಯೆ. ವೈದ್ಯರು ಅಳೆದು ಕೊಟ್ಟದ್ದಲ್ಲ. ನಿಮ್ಮ ಸರಾಸರಿಗೆ 2000 ಸೇರಿಸಿ, ಎರಡು ವಾರ ಅದು ನಿಲ್ಲಲಿ, ಆಮೇಲೆ ಇನ್ನೊಂದು 2000.

ಒಂದು ಲೆಕ್ಕ ನೋಡೋಣ. ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವ ಗುಮಾಸ್ತರೊಬ್ಬರು ಇದ್ದಾರೆ ಅಂದುಕೊಳ್ಳಿ. ತೂಕ 78 ಕಿಲೊ, ಸರಾಸರಿ 3200 ಹೆಜ್ಜೆ. ಸಾಧಾರಣ ನಡಿಗೆಯಲ್ಲಿ ಹತ್ತು ನಿಮಿಷಕ್ಕೆ ಸುಮಾರು ಸಾವಿರ ಹೆಜ್ಜೆ ಆಗುತ್ತದೆ. ಬೆಳಿಗ್ಗೆ ರೈಲು ಬರುವವರೆಗೆ ಬೆಂಚು ಬಿಟ್ಟು ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಹೋಗಿ ಬಂದರೆ ಸಾವಿರ. ಊಟವಾದ ಮೇಲೆ ಹತ್ತು ನಿಮಿಷ, ಅದೊಂದು ಸಾವಿರ. ಸಂಜೆ ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ಸ್ಟೇಷನ್ನಿಗೆ ನಡೆದರೆ ಇನ್ನೊಂದು. ನಾಲ್ಕನೆಯದು ಆಫೀಸಿನಲ್ಲೇ ಚಿಲ್ಲರೆಯಾಗಿ ಸೇರುತ್ತದೆ: ದೊಡ್ಡ ಬಾಟಲಿ ಬಿಟ್ಟು ಗ್ಲಾಸಿನಲ್ಲಿ ನೀರು ಕುಡಿಯುವುದು, ಕಾಲ್ ಬಂದರೆ ಎದ್ದು ಓಡಾಡುತ್ತ ಮಾತಾಡುವುದು. ಒಟ್ಟು 7200.

ಈ ಹೆಚ್ಚಿನ 4000 ಹೆಜ್ಜೆ ಅಂದರೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಸುಮ್ಮನೆ ಕೂತಾಗ ಆಗುವ ಖರ್ಚು ಕಳೆದರೆ ಅವರಿಗೆ ಉಳಿಯುವುದು ದಿನಕ್ಕೆ 110 ಕ್ಯಾಲೊರಿ ಆಸುಪಾಸು. ವಾಚು ಇದಕ್ಕಿಂತ ಜಾಸ್ತಿ ತೋರಿಸಬಹುದು. ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಅದು ಸೇರಿಸಿರಬಹುದು, ಹಾಗಾಗಿ ಅದನ್ನು ನಂಬಿ ತಿನ್ನಬೇಡಿ. ಒಂದು ಕಿಲೊ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ಅಂದರೆ ತಿಂಗಳಿಗೆ ಕಾಗದದ ಮೇಲೆ 400 ಗ್ರಾಂ ಚಿಲ್ಲರೆ, ನಿಜದಲ್ಲಿ ಇನ್ನೂ ಕಮ್ಮಿ. ಇಷ್ಟೇನಾ ಅನಿಸುತ್ತದೆ ಅಲ್ವಾ? ಇಷ್ಟೇ. ಅದೂ ಸಂಜೆ ಚಹಾದ ಜೊತೆ ಒಂದು ಪ್ಲೇಟ್ ಗೋಳಿಬಜೆ ಹೆಚ್ಚಿಗೆ ತಿನ್ನದಿದ್ದರೆ. ತಿಂದರೆ ದಿನದ ನಡಿಗೆ ಅಲ್ಲಿಗೆ ಚುಕ್ತಾ.

ಹಾಗಾಗಿ ಊಟದ ಹಿಡಿತ ಬಿಡುವ ಹಾಗಿಲ್ಲ. ಹೆಜ್ಜೆಯ ದೊಡ್ಡ ಕೆಲಸ ಬೇರೆಯೇ ಇದೆ. ಊಟ ಕಮ್ಮಿ ಮಾಡಿದ ಮೂರನೇ ವಾರ ಇವರ ಸರಾಸರಿ 7200ರಿಂದ 5000ಕ್ಕೆ ಇಳಿಯಿತು ಅಂದುಕೊಳ್ಳಿ. ತೂಕ ನಿಲ್ಲಲು ಅದೂ ಒಂದು ಕಾರಣ. ಆಗ ಇನ್ನೊಂದು ಸೌಟು ಅನ್ನ ಕಳೆಯುವ ಬದಲು ಮೊದಲು ಹೆಜ್ಜೆಯನ್ನು 7200ಕ್ಕೆ ಮರಳಿಸಬೇಕು. ಹೆಜ್ಜೆ ಇಳಿದೇ ಇಲ್ಲ, ನಾಲ್ಕು ವಾರವಾದರೂ ತೂಕದ ವಾರದ ಸರಾಸರಿ ಕದಲಿಲ್ಲ ಅಂದರೆ ಮಾತ್ರ ತಟ್ಟೆ ನೋಡಿ. ಒಂದು ದಿನದ ತೂಕಕ್ಕೆ ಬೆಲೆ ಇಲ್ಲ. ಉಪ್ಪಿನಕಾಯಿ ಜಾಸ್ತಿಯಾದರೂ ಮೈಯಲ್ಲಿ ನೀರು ನಿಂತು ಮುಳ್ಳು ಮೇಲೇರುತ್ತದೆ.

ನಮ್ಮಲ್ಲಿ ಲೆಕ್ಕ ಕೆಡುವುದು ಮಳೆಗಾಲದಲ್ಲಿ. ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲು ಆಗದ ದಿನಗಳಿರುತ್ತವೆ. ಮನೆಯ ಜಗಲಿ, ಆಫೀಸಿನ ವರಾಂಡ ಇದ್ದೇ ಇದೆ. ಆಚೆ ಈಚೆ ನಡೆದರೂ ಹತ್ತು ನಿಮಿಷಕ್ಕೆ ಸಾವಿರವೇ. ಪಾಚಿ ಹಿಡಿದ ಅಂಗಳದಲ್ಲಿ ಮಾತ್ರ ಈ ಸಾಹಸ ಬೇಡ.

ಮಂಡಿ ಊದಿಕೊಂಡರೆ, ನೋವು ಮರುದಿನಕ್ಕೂ ಉಳಿದರೆ 2000 ಬದಲು 500 ಏರಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ, ನಡಿಗೆ ಎರಡನ್ನೂ ಒಟ್ಟಿಗೆ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ. ಸಕ್ಕರೆ ತೀರಾ ಇಳಿಯುವ ಸಾಧ್ಯತೆ ಇರುತ್ತದೆ, ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು.